ಬೂದನ ಏಳು ನಿಯಮಗಳು

ನಾಲ್ಕನೇ ಮನೆಯವರು ಹರಿತಾಗೆ ಕಾಫಿ ಕೊಟ್ಟರು, ಊರು ಯಾವುದೆಂದು ಕೇಳಿದರು, ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಎಷ್ಟು ಜೋರಾಗಿ ಬರುತ್ತದೆಂದು ತೋರಿಸಿದರು. ಬಾಡಿಗೆಯೂ ಹೆಚ್ಚಿರಲಿಲ್ಲ. ಎಲ್ಲ ನೋಡಿದ ಮೇಲೆ ಹರಿತಾ, "ನಮ್ಮ ಜೊತೆ ಒಂದು ನಾಯಿ ಇದೆ. ಸಾಕಬಹುದಾ?" ಎಂದು ಕೇಳಿದಳು.

ಮನೆಯೊಡತಿ ನಲ್ಲಿ ನಿಲ್ಲಿಸಿದಳು. "ಅಯ್ಯೋ, ಈ ಮನೆ ನಮ್ಮ ಭಾವನಿಗೆ ಅಂತ ಮಾತಾಗಿತ್ತು ಕಣಮ್ಮ. ಮರ್ತೇಬುಟ್ಟಿದ್ದೆ."

ಹೊರಗೆ ಸ್ಕೂಟರಿನ ಮೇಲೆ ಕೂತಿದ್ದ ದಲ್ಲಾಳಿ ಲಕ್ಷ್ಮೀಕಾಂತ್‌ಗೆ ಕೇಳದೆಯೇ ಗೊತ್ತಾಯಿತು. "ಮೇಡಂ, ನಾನೊಂದು ಮಾತು ಹೇಳ್ಲಾ? ಹಿಂದೂಪುರದಾಗೆ ಮನೆಗೇನೂ ಬರ ಇಲ್ಲ. ನಿಮ್ಮ ಬಾಯಿಗೆ ಬೀಗ ಇಲ್ಲ, ಅಷ್ಟೇ. ಮೊದ್ಲು ಸಾಮಾನು ಇಳಿಸಿ, ಹಾಲು ಉಕ್ಕಿಸಿ. ಹದಿನೈದು ದಿನ ಬಿಟ್ಟು ನಾಯಿ ತನ್ನಿ. ಏನಂತಾರೆ? ಒಂದಿನ ಕೂಗಾಡ್ತಾರೆ, ಆಮೇಲೆ ಸರ್ದುಕೋತಾರೆ."

"ಒಂದಿನ ಕೂಗಾಡಿ ಸುಮ್ಮನಾಗದಿದ್ದರೆ?"

"ಆಗ ಇನ್ನೊಂದು ಮನೆ ತೋರಿಸ್ತೀನಿ. ನಾನು ಇರೋದೇ ಅದಕ್ಕೆ!"

ಹರಿತಾ ನಗಲಿಲ್ಲ. ಕಲ್ಯಾಣದುರ್ಗದ ಒಂದು ಖಾಸಗಿ ರಕ್ತಪರೀಕ್ಷಾ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಅವಳು, ಸೀಸೆಗೆ ಚೀಟಿ ಅಂಟಿಸದೆ ರಕ್ತ ತೆಗೆದವಳಲ್ಲ. ಚೀಟಿ ಮೊದಲು, ಸೂಜಿ ಆಮೇಲೆ. ಆ ಲ್ಯಾಬಿನವರು ಹಿಂದೂಪುರದಲ್ಲಿ ಹೊಸ ಶಾಖೆ ತೆರೆದು ಅದರ ಹೊಣೆಯನ್ನು ಇವಳಿಗೇ ಒಪ್ಪಿಸಿದ್ದರು. ಸಂಕ್ರಾಂತಿ ಕಳೆದ ಮೇಲೆ ಹಾಜರಾಗಬೇಕು. ಉಳಿದಿದ್ದು ಎಂಟು ದಿನ.

ಮನೆ ಸಿಗದಿದ್ದರೆ ಅವಳೊಬ್ಬಳೇ ಯಾವುದಾದರೂ ಹಾಸ್ಟೆಲಿನಲ್ಲಿ ಇದ್ದುಬಿಡಬಹುದಿತ್ತು. ಆದರೆ ಅವ್ವ ಬೀರಕ್ಕನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚುವವಳು ಹರಿತಾ. ಅವ್ವನನ್ನು ಬಿಟ್ಟು ಬರುವ ಹಾಗಿಲ್ಲ. ಅವ್ವ ಬೂದನನ್ನು ಬಿಟ್ಟು ಬರುವುದಿಲ್ಲ.

ಬೂದ ಎಂದರೆ ನಾಯಿ. ಎಂಟು ವರ್ಷದ, ಒಲೆಯ ಬೂದಿಯ ಬಣ್ಣದ, ಒಂದು ಕಿವಿ ನಿಂತು ಒಂದು ಕಿವಿ ಮಡಿಚಿದ ಕುರಿಕಾಯುವ ನಾಯಿ. ಬೀರಕ್ಕ ಸೆಟ್ಟೂರಿನವಳು. ಗಂಡ ಎರ್ರಪ್ಪನ ಜೊತೆಗೆ, ಅವನು ಹೋದ ಮೇಲೆ ತಾನೊಬ್ಬಳೇ, ಮೂವತ್ತು ವರ್ಷ ಕುರಿಯ ಹಿಂದೆ ನಡೆದವಳು. ಮೊಣಕಾಲು ಕೈಕೊಟ್ಟಾಗ ಹಿಂಡನ್ನು ಮಾರಿ, ಬೂದನನ್ನು ಮೈದುನನ ಮನೆಯಲ್ಲಿ ಬಿಟ್ಟು, ಕಲ್ಯಾಣದುರ್ಗಕ್ಕೆ ಮಗಳ ಬಳಿ ಬಂದಳು. ಒಂಬತ್ತನೇ ದಿನ ಮೈದುನನ ಫೋನು ಬಂತು. ನಾಯಿ ಅನ್ನ ಮುಟ್ಟುತ್ತಿಲ್ಲ, ಕುರಿಯಿಲ್ಲದ ರೊಪ್ಪದ ಬಾಗಿಲಲ್ಲಿ ಕೂತು ರಾತ್ರಿಯೆಲ್ಲ ಕಾಯುತ್ತಿದೆ ಎಂದ. ಬೀರಕ್ಕ ಮರುದಿನ ಮೊದಲ ಬಸ್ಸಿಗೆ ಹೋಗಿ, ಒಂದು ಆಟೋ ಮಾಡಿಸಿಕೊಂಡು ಅದನ್ನು ಕರೆತಂದಳು. ಅದಾಗಿ ಮೂರು ವರ್ಷ.

ಹೀಗಾಗಿ ಹಿಂದೂಪುರಕ್ಕೆ ಮನೆ ನೋಡಲು ಹೊರಟ ದಿನ ಬೀರಕ್ಕ ಹೇಳಿದ್ದು ಒಂದೇ ಮಾತು: "ನೀನು ದೊಡ್ಡ ಕೆಲಸಕ್ಕೆ ಹೋಗ್ತಿದ್ದೀಯ, ಹೋಗು ಮಗಾ. ಬೂದಂಗೆ ಜಾಗ ಇದ್ರೆ ನಾನೂ ಬತ್ತೀನಿ. ಇಲ್ದಿದ್ರೆ ಸೂಜಿ ಚುಚ್ಕಳಾದು ನಂಗೆ ಕಲ್ಸು, ಇಬ್ರೂ ಇಲ್ಲೇ ಇರ್ತೀವಿ." ಅವಳ ಕಣ್ಣಿಗೆ ಸಿರಿಂಜಿನ ಗೆರೆ ಕಾಣುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಲಕ್ಷ್ಮೀಕಾಂತ್ ಸ್ಕೂಟರನ್ನು ರೈಲ್ವೆ ಗೇಟಿನಾಚೆಯ ಒಂದು ಬೀದಿಗೆ ತಿರುಗಿಸಿದ. "ಇದೊಂದಿದೆ. ಶಿವಲಕ್ಷ್ಮಮ್ಮ ಅಂತ, ಹುಣಸೆ ವ್ಯಾಪಾರ. ಮೇಲಿನ ಮನೆ ಖಾಲಿ. ಆದ್ರೆ ಇಲ್ಲಿ ಮಾತ್ರ ನಾಯಿ ಅನ್ನೋ ಪದಾನೇ ಎತ್ತಬೇಡಿ. ನನ್ನ ಗಿರಾಕಿನ ಓಡಿಸಿದ್ರೆ ಪರ್ವಾಲೇದು, ನನ್ನೂ ಸೇರ್ಸಿ ಓಡಿಸ್ತಾರೆ."

ಗೇಟು ದಾಟಿದರೆ ದೊಡ್ಡ ಅಂಗಳ. ಅಂಗಳದ ತುಂಬ ನೀಲಿ ಟಾರ್ಪಾಲು, ಅದರ ಮೇಲೆ ಹುಣಸೆಹಣ್ಣು. ಗೋಡೆಯ ನೆರಳಿನಲ್ಲಿ ಆರು ಮಂದಿ ಹೆಂಗಸರು ಕೂತು, ಒಂದೊಂದೇ ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ, ಬೀಜ ಬಿಡಿಸಿ, ನಾರು ತೆಗೆದು, ತಿರುಳನ್ನು ಬುಟ್ಟಿಗೆ ಹಾಕುತ್ತಿದ್ದರು. ಮಾತಿನ ಸದ್ದಿಗಿಂತ ತಟ್ಟುವ ಸದ್ದೇ ಹೆಚ್ಚು. ಅಂಗಳದ ಒಂದು ಬದಿಯಿಂದ ಮೆಟ್ಟಿಲು ಹೊರಗಿನಿಂದಲೇ ಮೇಲಿನ ಮನೆಗೆ ಏರಿತ್ತು.

ಶಿವಲಕ್ಷ್ಮಮ್ಮ ಐವತ್ತೈದರ ಆಸುಪಾಸಿನ, ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸು. ಮನೆ ತೋರಿಸಿದರು. ಎರಡು ಕೋಣೆ, ಅಡುಗೆಮನೆ, ಮುಂದೆ ಸಣ್ಣ ಜಗಲಿ. ಜಗಲಿಯಲ್ಲಿ ಬಿಸಿಲು ಬೀಳುವ ಜಾಗವನ್ನು ಕಂಡು ಹರಿತಾಗೆ ಬೂದ ಅಲ್ಲಿ ಮಲಗಿದಂತೆಯೇ ಕಂಡಿತು. ಕೆಳಗೆ ಇಳಿದು ಬಂದು, ಲಕ್ಷ್ಮೀಕಾಂತ್ ಕೆಮ್ಮುತ್ತಿದ್ದರೂ ಕೇಳಿದಳು.

"ಅಮ್ಮಾ, ಮನೆ ನಂಗೆ ಹಿಡಿಸ್ತು. ಅಡ್ವಾನ್ಸು ಮಾತಾಡೋಕೆ ಮುಂಚೆ ಒಂದು ಹೇಳ್ಬೇಕು. ನಮ್ಮವ್ವ, ನಾನು, ನಮ್ಮ ಜೊತೆ ಒಂದು ನಾಯಿ. ನೀವು ಒಪ್ಪಿದ್ರೆ ಮಾತ್ರ ಬತ್ತೀವಿ."

ಸುತ್ತಿಗೆಗಳು ಒಂದು ಕ್ಷಣ ನಿಂತವು.

"ಲಕ್ಷ್ಮೀಕಾಂತೂ," ಎಂದರು ಶಿವಲಕ್ಷ್ಮಮ್ಮ, ಹರಿತಾಳ ಕಡೆ ನೋಡದೆ. "ನಿಂಗೆ ಎಷ್ಟು ಸಲ ಹೇಳಿದ್ನಪ್ಪ?"

"ನಾನೂ ಹೇಳ್ದೆ ಅಮ್ಮಾ, ಬಾಯಿ ಬಿಡ್ಬೇಡಿ ಅಂತ!" ಎಂದ ಅವನು. ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವನಿಗೇ ತಿಳಿಯಿತು. ಹೆಂಗಸರಲ್ಲಿ ಹಿರಿಯಳಾದ ಮಂಗಳಗೌರಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಶಿವಲಕ್ಷ್ಮಮ್ಮನೂ ನಗು ತಡೆದುಕೊಂಡರು. ಆಮೇಲೆ ಹರಿತಾಳನ್ನು ನೆರಳಿಗೆ ಕರೆದು ಕೂರಿಸಿ ಕಾರಣ ಹೇಳಿದರು. ಹಿಂದೆ ಇದ್ದವರು ಒಂದು ಬಿಳಿಯ ಕೂದಲಿನ ಪುಟ್ಟ ನಾಯಿಯನ್ನು ಬಟ್ಟೆಯ ಚೀಲದಲ್ಲಿಟ್ಟು ತಂದು ನಾಲ್ಕು ತಿಂಗಳು ಬಚ್ಚಿಟ್ಟಿದ್ದರು. ಬೊಗಳಿದರೆ ಟೀವಿ ಎನ್ನುತ್ತಿದ್ದರು. ಅವರು ಮೇಲಿನಿಂದ ಕಸ ಗುಡಿಸಿದಾಗ ಅದರ ಕೂದಲು ಕೆಳಗೆ ಹಾರಿ ಹಣ್ಣಿನ ಮೇಲೆ ಬಿದ್ದಿದ್ದು ಯಾರಿಗೂ ಕಾಣಲಿಲ್ಲ. ರೊದ್ದಂ ಕಡೆಯ ತೋಪಿನಿಂದ ತಂದ ಕರಿಪುಳಿ, ಎಂದರೆ ಬೀಜ ನಾರು ತೆಗೆದ ಮೇಲ್ದರ್ಜೆಯ ಹಣ್ಣು, ಹರಾಜಿನ ಕಟ್ಟೆಯ ಮೇಲಿತ್ತು. ಕೊಳ್ಳುವವನು ಒಂದು ಉಂಡೆ ಬಿಡಿಸಿ ನೋಡಿದ. ಒಳಗಿನಿಂದ ಬಿಳಿಯ ಕೂದಲನ್ನು ಎಳೆದು, ಎಲ್ಲರ ಮುಂದೆ ಎತ್ತಿ ಹಿಡಿದ.

"ಕೂದ್ಲು ಹೋಗ್ಲಿ ಕಣಮ್ಮ. ನಾಕು ತಿಂಗ್ಳು ದಿನಾ ಬೆಳಿಗ್ಗೆ 'ಚೆನ್ನಾಗಿದ್ದೀರಾ ಅಮ್ಮಾ' ಅಂತ ಕೇಳ್ಕಂಡು ನನ್ನ ಮುಂದೇನೇ ಚೀಲ ತಗಂಡು ಓಡಾಡಿದ್ರಲ್ಲ, ಅದು ನುಂಗಕ್ಕಾಗ್ಲಿಲ್ಲ."

"ಅಮ್ಮಾ, ಅಡ್ವಾನ್ಸಿನ ಮೇಲೆ ನಾಯಿಗೆ ಅಂತ ಬೇರೆ ಹತ್ತು ಸಾವಿರ ಇಡ್ತೀನಿ. ಬಾಗಿಲು ಗೋಡೆ ಏನಾದ್ರೂ ಕೆಟ್ರೆ ಅದ್ರಲ್ಲಿ ಮುರ್ಕೊಳ್ಳಿ. ಉಳಿದಿದ್ದು ಮನೆ ಬಿಡೋವಾಗ ಕೊಡಿ."

"ಬಾಗ್ಲು ಕೆಟ್ರೆ ಬಡಿಗೇನ ಕರೀತೀನಿ. ಹಣ್ಣಿನ ಹೆಸ್ರು ಕೆಟ್ರೆ ಯಾರ್ನ ಕರೀಲಿ? ನಿನ್ನ ಹತ್ತು ಸಾವ್ರ ಅದುಕ್ಕೆ ಏನ್ ಮಾಡ್ತದೆ?"

ಅದು ಸರಿಯಾದ ಮಾತೇ. ದುಡ್ಡು ಆದದ್ದಕ್ಕೆ ಪರಿಹಾರ. ಈ ಅಮ್ಮನಿಗೆ ಬೇಕಾಗಿದ್ದು ಆಗದಂತೆ ತಡೆಯುವ ದಾರಿ. ಹರಿತಾ ಚೀಲದಿಂದ ನೋಟ್‌ಪುಸ್ತಕ ತೆಗೆದಳು.

"ಹಂಗಾದ್ರೆ ನಿಮಗೆ ಭಯ ಏನೇನು ಅಂತ ಒಂದೊಂದೇ ಹೇಳಿ. ಪ್ರತಿಯೊಂದಕ್ಕೂ ನಾನೇನು ಮಾಡ್ತೀನಿ ಅಂತ ಬರೀತೀನಿ. ನಾಳೆ ತಂದು ಕೊಡ್ತೀನಿ. ನೋಡಿ, ಬೇಡ ಅನ್ಸಿದ್ರೆ ಬೇಡ ಅನ್ನಿ, ಬೇಜಾರಿಲ್ಲ. ಈಗ ನಾವಿರೋ ಮನೆಯ ಯಜಮಾನ್ರು ರುದ್ರಮುನಿ ಅಂತ. ಅವರ ನಂಬರ್ ಕೊಡ್ತೀನಿ, ನಾಯಿ ವಿಚಾರ ಅವರನ್ನೇ ಕೇಳಿ."

ಶಿವಲಕ್ಷ್ಮಮ್ಮ ಅಲ್ಲೇ ಫೋನು ಹಚ್ಚಿದರು. ರುದ್ರಮುನಿಗೆ ಕಿವಿ ಮಂದ. ಇಡೀ ಅಂಗಳಕ್ಕೆ ಕೇಳುವಂತೆ ಕೂಗಿ ಮಾತಾಡಿದರು. "ನಾಯೇ? ಬೂದಾನಾ? ಮೂರು ವರ್ಷ ಐತಮ್ಮ ಇಲ್ಲಿ. ಬಾಗ್ಲು ಕೆರ್ದಿಲ್ಲ, ಯಾರ್ನೂ ಕಚ್ಚಿಲ್ಲ. ಬೊಗಳ್ತದೆ, ಬೊಗಳಲ್ಲ ಅಂತ ಸುಳ್ಳು ಹೇಳಾಕಿಲ್ಲ. ಬಾಡ್ಗೆ ಒಂದನೇ ತಾರೀಕು ಕೊಡ್ತಾಳೆ ಹುಡ್ಗಿ. ನೀವು ಬ್ಯಾಡ ಅಂದ್ರೆ ನಂಗೇ ಒಳ್ಳೇದು, ನಂಗೆ ಅವ್ರು ಹೋಗಾದು ಇಷ್ಟ ಇಲ್ಲ!"

ಫೋನಿಟ್ಟು ಶಿವಲಕ್ಷ್ಮಮ್ಮ ಅಂದರು, "ಬರ್ಕಂಡು ಬಾ. ನೋಡಾನ."

ವಾಪಸ್ಸು ಹೋಗುವ ಬಸ್ಸು ಮೂರು ಗಂಟೆಯ ದಾರಿ. ಕಿಟಕಿಯ ಪಕ್ಕ ಕೂತು ಹರಿತಾ ಪಟ್ಟಿ ಮಾಡಿದಳು. ಬೆಳಿಗ್ಗೆ ಅಂಗಳದಲ್ಲಿ ಟಾರ್ಪಾಲು ಹಾಸುವ ಮುಂಚೆ ಒಂದು ಸಲ, ಸಂಜೆ ಹೆಂಗಸರು ಹೋದ ಮೇಲೆ ಒಂದು ಸಲ, ಹಗ್ಗ ಹಿಡಿದೇ ನಾಯಿಯನ್ನು ಹೊರಗೆ ಕರೆದೊಯ್ಯುವುದು, ಬೀದಿಯಲ್ಲಿ ಅದು ಮಾಡಿದ್ದನ್ನು ಕಾಗದದಲ್ಲಿ ಎತ್ತುವುದು. ಅದು ಒಂದನೇ ನಿಯಮ. ಹುಣಸೆ ಕಾಲದಲ್ಲಿ ಮಿಕ್ಕ ಹೊತ್ತು ಅದರ ಕಾಲು ಅಂಗಳಕ್ಕೆ ತಾಗಕೂಡದು ಎನ್ನುವುದು ಎರಡು. ಸದ್ದಿನಿಂದ ತೊಂದರೆ ಆಗಬಾರದು, ಒಂದು ವೇಳೆ ಆದರೆ ಮೂರು ದಿನದೊಳಗೆ ಸರಿಪಡಿಸಬೇಕು ಎನ್ನುವುದು ನಾಲ್ಕು. ಮೈ ಬಾಚುವುದು ಬಾಗಿಲು ಹಾಕಿದ ಕೋಣೆಯೊಳಗೆ, ಕೂದಲು ಕವರಿಗೆ, ಮೇಲಿನಿಂದ ಕೆಳಕ್ಕೆ ಕಸ ಗುಡಿಸುವಂತಿಲ್ಲ ಎನ್ನುವುದು ಐದು. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಅದರ ಕಾರ್ಡಿನ ಜೆರಾಕ್ಸು ಯಜಮಾನಿಗೆ ಎನ್ನುವುದು ಆರು. ಏಳರಲ್ಲಿ ಆ ಬೇರೆ ಅಡ್ವಾನ್ಸಿನ ಮಾತು, ಮೂರು ಸಲ ನಿಯಮ ಮುರಿದರೆ ಮೂವತ್ತು ದಿನದಲ್ಲಿ ಮನೆ ಬಿಡುವ ಮಾತು.

ಮೂರನೆಯದು ಮಾತ್ರ ಶಿವಲಕ್ಷ್ಮಮ್ಮ ಕೇಳಿದ್ದಲ್ಲ. ಪೆನುಕೊಂಡದ ಗುಡ್ಡ ಕಾಣುವ ಹೊತ್ತಿಗೆ ಹರಿತಾ ತಾನಾಗಿಯೇ ಸೇರಿಸಿದ್ದು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನಾಯಿಯನ್ನು ಜಗಲಿಯಲ್ಲಿ ಸರಪಳಿಯಿಂದ ಕಟ್ಟಿರುತ್ತೇವೆ. ಓದಿದಾಗ ಅದೇ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡಿತು. ಲ್ಯಾಬಿನಲ್ಲಿ ಏನೇ ಹೊಸದು ಬಂದರೂ ಮೊದಲು ಬಳಸುವವರನ್ನು ಕೇಳುತ್ತಿದ್ದ ಅವಳು, ಈ ಸಲ ಅವ್ವನನ್ನು ಕೇಳಬೇಕೆಂದು ನೆನೆಯಲಿಲ್ಲ.

ಮರುದಿನ ಶಿವಲಕ್ಷ್ಮಮ್ಮ ಕಾಗದವನ್ನು ಕೈಯಲ್ಲಿ ಹಿಡಿದು, ಹರಿತಾಳಿಂದಲೇ ಎರಡು ಸಲ ಓದಿಸಿ ಕೇಳಿದರು. ಆಂಧ್ರದ ಊರಾದ್ದರಿಂದ ಕರಾರಿನ ಭಾಷೆ ತೆಲುಗು, ವಿವರಣೆ ಕನ್ನಡ. ಮೂರನೆಯದಕ್ಕೆ ಬಂದಾಗ "ಇದು ಒಳ್ಳೇದು" ಎಂದರು. ಏಳನೆಯದಕ್ಕೆ ಒಪ್ಪದೆ ತಲೆಯಲ್ಲಾಡಿಸಿದರು. "ಹತ್ತು ಬ್ಯಾಡ, ಐದಿಡು. ಹತ್ತು ಸಾವ್ರ ನನ್ನತ್ರ ಕೂತಿದ್ರೆ, ನಾಯಿ ಬಾಗ್ಲು ಕೆರೀಲಿ ಅಂತ ನಂಗೇ ಆಸೆ ಬಂದ್ಬುಟ್ಟಾತು."

ಒಪ್ಪಂದ ಹೀಗಾಯಿತು. ಮೊದಲ ಒಂದು ತಿಂಗಳು ನೋಡುವುದು. ಅಡ್ವಾನ್ಸಿಗೂ ಐದು ಸಾವಿರಕ್ಕೂ ಬೇರೆ ಬೇರೆ ರಸೀತಿ. ತಿಂಗಳು ಸರಿಹೋದರೆ ಸ್ಟಾಂಪ್ ಪೇಪರಿನ ಮೇಲೆ ಹನ್ನೊಂದು ತಿಂಗಳ ಅಗ್ರಿಮೆಂಟು, ಈ ಏಳು ನಿಯಮಗಳೂ ಅದರ ಜೊತೆಗೆ. ಸರಿಹೋಗದಿದ್ದರೆ ದುಡ್ಡು ವಾಪಸ್ಸು, ಮನೆ ವಾಪಸ್ಸು.

ಸಾಮಾನಿನ ಟೆಂಪೋದಲ್ಲಿ ಬೂದ ಬೀರಕ್ಕನ ಕಾಲಬಳಿ ಕೂತು ಬಂದ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹರಿತಾ ಹೊಸ ಸರಪಳಿಯನ್ನು ಅದರ ಕೊರಳಿಗೆ ಹಾಕಿದಾಗ ಬೀರಕ್ಕ ರೊಟ್ಟಿ ತಟ್ಟುವುದನ್ನು ಬಿಟ್ಟು ಹೊರಗೆ ಬಂದಳು.

"ಇದೇನೇ ಇದು?"

"ಮೂರನೇ ನಿಯಮ ಅವ್ವ. ಬರ್ದುಕೊಟ್ಟಿದ್ದೀನಿ."

"ಯಾರ್ನ ಕೇಳಿ ಬರ್ದೆ? ಹುಟ್ದಾಗಿಂದ ಕಟ್ಟಿಲ್ಲ ಅದುನ್ನ. ಹಗ್ಗ ಹಿಡ್ಕಂಡು ಜೊತೇಗೆ ನಡುದ್ರೆ ಬತ್ತದೆ. ಒಂದು ಕಡೆ ಕಟ್ಟಾಕುದ್ರೆ ಕುರಿ ಯಾರು ಕಾಯ್ತಾರೆ ಅಂತ ಅದುಕ್ಕೆ ಚಿಂತೆ."

"ಕುರಿ ಎಲ್ಲಿದಾವವ್ವ?"

"ಅದು ನಿಂಗೊತ್ತು. ಅದುಕ್ಕೆ ಗೊತ್ತಾ?"

ಹರಿತಾ ಲ್ಯಾಬಿಗೆ ಹೋದಳು. ಸಂಜೆ ಬಂದಾಗ ಬೀದಿಯ ತಿರುವಿನಲ್ಲೇ ಬೂದನ ದನಿ ಕೇಳಿಸಿತು. ಬೊಗಳುವುದಲ್ಲ, ಕತ್ತು ಮೇಲೆತ್ತಿ ಉದ್ದಕ್ಕೆ ಎಳೆಯುವ ಕೂಗು. ಮಂಗಳಗೌರಿ ಗೇಟಿನ ಬಳಿ ಸಿಕ್ಕಿ, "ನಿಮ್ಮ ನಾಯಿ ಒಳ್ಳೆ ಶಹನಾಯಿ ಕಣಮ್ಮ, ಇವತ್ತು ನಮ್ಗೆ ಮದ್ವೆ ಮನೇಲಿ ಕೂತಂಗಿತ್ತು" ಎಂದಳು. ಹರಿತಾ ಬೇಗ ಬೇಗ ಮೆಟ್ಟಿಲು ಹತ್ತಿದಳು. ಪುಸ್ತಕದಲ್ಲಿ ದಿನಾಂಕ ಹಾಕಿ, ಅವ್ವನನ್ನು ಕೇಳಿ, ಕೂಗಿದ ಹೊತ್ತುಗಳನ್ನು ಬರೆದಳು. ಸೋಮವಾರ ಒಂಬತ್ತು ಸಲ. ಮಂಗಳವಾರ ಹನ್ನೊಂದು. ಬುಧವಾರ ಅವ್ವ ಎಣಿಸುವುದನ್ನು ಬಿಟ್ಟಿದ್ದಳು.

ಪುಸ್ತಕವನ್ನು ನೋಡುತ್ತ ಕೂತಾಗ ಅವಳಿಗೆ ತನ್ನ ತಪ್ಪು ಸ್ಪಷ್ಟವಾಯಿತು. ಕೂಗೆಲ್ಲ ಎಂಟರಿಂದ ಆರರ ನಡುವೆಯೇ. ಸರಪಳಿ ಬಿಚ್ಚಿದ ಮೇಲೆ ಒಂದೂ ಇಲ್ಲ. ಮೂರನೇ ನಿಯಮವನ್ನು ಪಾಲಿಸಿದಷ್ಟೂ ನಾಲ್ಕನೆಯದು ಮುರಿಯುತ್ತದೆ. ಯಾರೂ ಕೇಳದ ಒಂದು ಭರವಸೆಯನ್ನು, ಬರೀ ಚೆಂದ ಕಾಣಲೆಂದು ತಾನೇ ಬರೆದುಕೊಟ್ಟಿದ್ದಳು. ಹಾಗೆಂದು ಹೇಳದೆ ಕೇಳದೆ ನಾಯಿಯನ್ನು ಬಿಚ್ಚಿಬಿಟ್ಟರೆ, ಚೀಲದಲ್ಲಿ ನಾಯಿ ತಂದವರಿಗೂ ತನಗೂ ಏನು ವ್ಯತ್ಯಾಸ?

ಗುರುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಶಿವಲಕ್ಷ್ಮಮ್ಮ. ಅವರು ಬಾಯಿ ತೆರೆಯುವ ಮುಂಚೆ ಹರಿತಾ ಪುಸ್ತಕ ಮುಂದಿಟ್ಟಳು.

"ಅಮ್ಮಾ, ಮೂರು ದಿನ ಆಯ್ತು. ಸರಿಮಾಡೋಕಾಗ್ಲಿಲ್ಲ. ತಪ್ಪು ನಾಯೀದಲ್ಲ, ನಂದು. ಈ ಎರಡು ನಿಯಮ ಒಟ್ಟಿಗೆ ನಡೆಯಲ್ಲ, ನೋಡಿ. ಕಟ್ಟಿ ಅಭ್ಯಾಸ ಇಲ್ದಿರೋ ನಾಯೀನ ಕಟ್ತೀನಿ ಅಂತ ಬರ್ದುಬಿಟ್ಟೆ. ಮೊದಲೇ ಅವ್ವನ್ನ ಕೇಳಿದ್ರೆ ಗೊತ್ತಾಗ್ತಿತ್ತು. ನೀವು ಬಿಡಿ ಅಂದ್ರೆ ಈ ತಿಂಗಳ ಕೊನೆಗೆ ಮನೆ ಬಿಡ್ತೀವಿ."

ಶಿವಲಕ್ಷ್ಮಮ್ಮ ಪುಸ್ತಕದ ಅಂಕಿಗಳ ಮೇಲೆ ಬೆರಳಾಡಿಸಿದರು. "ಇದ್ನೆಲ್ಲ ನೀನೇ ಬರ್ದಾ? ನಿನ್ ಮೇಲೆ ನೀನೇ ದೂರು?"

"ಹೌದಮ್ಮಾ."

ಅವರು ಪುಸ್ತಕ ಮುಚ್ಚಿದರು. ಆಮೇಲೆ ಒಳಗಿದ್ದ ಬೀರಕ್ಕನ ಕಡೆ ತಿರುಗಿದರು. "ಅಕ್ಕಾ, ಕಟ್ಟಿಲ್ಲ ಅಂದ್ರೆ ಇದು ಏನ್ ಮಾಡ್ತದೆ? ಕೆಳಕ್ಕೆ ಬರಾಕಿಲ್ವಾ?"

"ಕಂಬಳಿ ದಾಟಾಕಿಲ್ಲ," ಎಂದಳು ಬೀರಕ್ಕ.

"ಯಾವ ಕಂಬಳಿ?"

ಬೀರಕ್ಕ ಪೆಟ್ಟಿಗೆಯಿಂದ ಎರ್ರಪ್ಪನ ಕರಿಕಂಬಳಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದಳು. ಕುರಿ ಕಾಯುವವರಿಗೆ ಬಯಲಿನಲ್ಲಿ ಕಂಬಳಿಯೇ ಮನೆ. ಅದರ ಮೇಲೆ ಉಣ್ಣುತ್ತಾರೆ, ಮಲಗುತ್ತಾರೆ, ದೇವರನ್ನು ಕೂರಿಸುವುದೂ ಅದರ ಮೇಲೆಯೇ. ಮರಿಯಾಗಿದ್ದಾಗಲೇ ನಾಯಿಗೆ ಕಲಿಸುತ್ತಾರೆ, ಕಂಬಳಿಯ ಅಂಚು ನಿನ್ನ ಗೆರೆ ಎಂದು. ಕಂಬಳಿ ಹಾಸಿ ಯಜಮಾನರು ಕೂತರೆ ನಾಯಿ ಅಂಚಿನ ಹೊರಗೆ, ಅವರ ಬೆನ್ನ ಹಿಂದೆ ಕೂತು ಕಾಯುತ್ತದೆ. ಅವರು ಏಳುವವರೆಗೆ ಅಲುಗುವುದಿಲ್ಲ. "ಬೂದಂಗೆ ಆರು ತಿಂಗ್ಳಿದ್ದಾಗ ನಮ್ಮೆಜಮಾನ್ರು ಕಲ್ಸಿದ್ದು. ಅವರು ಹೋದ್ರು, ಅದು ಮರ್ತಿಲ್ಲ."

ಕಲ್ಯಾಣದುರ್ಗದ ಮನೆಗೆ ಅಂಗಳವಿರಲಿಲ್ಲ, ಕಂಬಳಿ ಪೆಟ್ಟಿಗೆಯಲ್ಲೇ ಇತ್ತು. ಹರಿತಾ ಚಿಕ್ಕಂದಿನಲ್ಲಿ ಇದನ್ನೆಲ್ಲ ನೋಡಿದ್ದವಳೇ. ಅನಂತಪುರದ ಹಾಸ್ಟೆಲು, ಬಿ.ಎಸ್ಸಿ., ಲ್ಯಾಬು ಎಂದು ಹದಿನಾರು ವರ್ಷ ಕಳೆದು ಅದು ನೆನಪಿನ ತಳಕ್ಕೆ ಇಳಿದುಹೋಗಿತ್ತು.

"ಬಾಯ್ಮಾತು ಬ್ಯಾಡ," ಎಂದರು ಶಿವಲಕ್ಷ್ಮಮ್ಮ. "ಭಾನುವಾರ ಕೆಲ್ಸ ಇಲ್ಲ, ಅಂಗಳ ಖಾಲಿ. ಕಣ್ಣಾರೆ ನೋಡ್ತೀನಿ. ಅಲ್ಲಿಗಂಟ ಆ ಸರಪಳಿ ಬಿಚ್ಚಿ ಬಾಗ್ಲು ಹಾಕ್ಕಳ್ಳಿ. ಕೇಳಕ್ಕಾಗ್ತಿಲ್ಲ, ಪಾಪ."

ಭಾನುವಾರ ಬೀರಕ್ಕ ಒಂದೊಂದೇ ಮೆಟ್ಟಿಲು ಇಳಿದು, ಕೊನೆಯ ಮೆಟ್ಟಿಲ ಬುಡದಲ್ಲಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅದರ ಮೇಲೆ ಕೂತಳು. ಶಿವಲಕ್ಷ್ಮಮ್ಮ ಪರೀಕ್ಷೆಗೆಂದು ಅಂಗಳದ ನಡುವೆ ಟಾರ್ಪಾಲಿನ ಮೇಲೆ ಒಂದು ಬುಟ್ಟಿ ಹಣ್ಣಿನ ಸಿಪ್ಪೆ ಸುರಿಸಿದ್ದರು. ನೋಡಲೆಂದೇ ಮಂಗಳಗೌರಿ ರಜೆಯ ದಿನವೂ ಬಂದಿದ್ದಳು. ಹರಿತಾ ಮೇಲೆ ಬಾಗಿಲು ತೆರೆದಳು.

ಬೂದ ಮೆಟ್ಟಿಲಿಳಿದು ಬಂದ. ಅಂಗಳವನ್ನು ನೋಡಿದ. ಕಂಬಳಿಯನ್ನು ಮೂಸಿ ನೋಡಿ ಅಲ್ಲೇ ನಿಂತುಬಿಟ್ಟ. ಬಾಲ ಒಂದು ಸಲ, ಎರಡು ಸಲ ಅಲ್ಲಾಡಿತು. ಆಮೇಲೆ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು, ಮೂರನೇ ಮೆಟ್ಟಿಲ ಮೇಲೆ, ಬೀರಕ್ಕನ ಬೆನ್ನ ಹಿಂದೆ ಕೂತ. ಮೂರು ವರ್ಷದಿಂದ ಹುಡುಕುತ್ತಿದ್ದ ಜಾಗ ಸಿಕ್ಕವನ ಹಾಗೆ ಉಸಿರು ಬಿಟ್ಟು ಗದ್ದವನ್ನು ಮುಂಗಾಲ ಮೇಲಿಟ್ಟ.

ಮಂಗಳಗೌರಿ ಬಿಸ್ಕತ್ತು ತೋರಿಸಿದಳು, ಬರಲಿಲ್ಲ. ಚಪ್ಪಾಳೆ ತಟ್ಟಿ "ಬಾರೋ, ರಾರಾ" ಎಂದು ಎರಡು ಭಾಷೆಯಲ್ಲೂ ಕರೆದಳು, ಬರಲಿಲ್ಲ. ಗಂಟೆ ಒಂದಾಯಿತು. ಎರಡಾಯಿತು. ಶಿವಲಕ್ಷ್ಮಮ್ಮನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಹತ್ತಿರದಿಂದ ನೋಡೋಣವೆಂದು ಎದ್ದು ಬಂದು, ಮೆಟ್ಟಿಲು ಹತ್ತಲು ಕಾಲಿಟ್ಟರು. ಕಾಲು ಬಿದ್ದದ್ದು ಕಂಬಳಿಯ ಅಂಚಿನ ಮೇಲೆ. ಚಪ್ಪಲಿಯ ಸಮೇತ.

"ಅಯ್ಯೋ ತಾಯೀ, ಮೆಟ್ಟು!" ಎಂದು ಬೀರಕ್ಕ ಕೂಗಿಬಿಟ್ಟಳು. "ಮೆಟ್ಟು ಬಿಟ್ಟು ತುಳೀರಿ!"

ಬೂದ ತಲೆಯೆತ್ತಿ ಆ ಚಪ್ಪಲಿಯನ್ನು ನೋಡಿದ. ಬೊಗಳಲಿಲ್ಲ. ನೋಡಿದ, ಅಷ್ಟೇ.

ಮನೆಯೊಡತಿಯನ್ನು ಅವರ ಅಂಗಳದಲ್ಲೇ ಬೈದಂತಾಗಿತ್ತು. ಶಿವಲಕ್ಷ್ಮಮ್ಮ ಕಾಲು ಹಿಂದಕ್ಕೆಳೆದು ನಿಂತರು. ಬಗ್ಗಿ ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಪ್ಪಲಿ ಬಿಟ್ಟರು. ಆಮೇಲೆ ನಗಲು ಶುರುಮಾಡಿದರು, ನಕ್ಕು ನಕ್ಕು ಮೆಟ್ಟಿಲ ಗೋಡೆ ಹಿಡಿದುಕೊಂಡರು.

"ನೋಡ್ದೇನೇ ಮಂಗಳಾ? ನಾಯಿಗೆ ನಿಯಮ ಬರ್ಸಿಕೊಂಡೋಳು ನಾನು. ಮೊದ್ಲು ಮುರ್ದೋಳೂ ನಾನೇ!"

"ಮೂರು ಸಲ ಮುರುದ್ರೆ ಮನೆ ಬಿಡ್ಬೇಕಂತೆ ಕಣಕ್ಕಾ, ಹುಷಾರು," ಎಂದಳು ಮಂಗಳಗೌರಿ.

ಸೋಮವಾರದಿಂದ ಬೀರಕ್ಕ ದಿನವೂ ಮೆಟ್ಟಿಲ ಬುಡದಲ್ಲಿ ಕೂರತೊಡಗಿದಳು. ಕೈ ಸುಮ್ಮನಿರಲಿಲ್ಲ, ತನಗೂ ಕೆಲಸ ಕೊಡಿ ಎಂದಳು. ಶಿವಲಕ್ಷ್ಮಮ್ಮ ಯೋಚಿಸಿಯೇ ಕೊಟ್ಟರು. ಕಂಬಳಿಯ ಎಳೆ, ನಾಯಿಯ ಕೂದಲು ಸೀರೆಗೆ ಅಂಟಿದ್ದರೆ ಹಣ್ಣಿಗೆ ಬಂದೀತೆಂದು ತಿರುಳನ್ನು ಕೊಡಲಿಲ್ಲ. ಬೇರೆ ಮಾರುವ ಬೀಜದ ರಾಶಿಯನ್ನು ಅವಳ ಮುಂದೆ ಸುರಿದರು. ಹುಳುಕು ಬೀಜ ಆರಿಸುವ ಕೆಲಸ, ಬೀಜಕ್ಕೆ ಕೂದಲಿನ ಭಯವಿಲ್ಲ. ಹರಿತಾಗೆ ಆ ಎಚ್ಚರಿಕೆ ಬಹಳ ಹಿಡಿಸಿತು. ತಾನಿದ್ದರೂ ಹೀಗೇ ಮಾಡುತ್ತಿದ್ದೆ ಎನ್ನಿಸಿತು.

ಕಲ್ಯಾಣದುರ್ಗದಲ್ಲಿ ಮೂರು ವರ್ಷ ಟೀವಿಯ ಮುಂದೆ ಕೂತು ಮೌನವಾಗಿದ್ದ ಅವ್ವ, ಈಗ ಸಂಜೆ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತ ಆರು ಮಂದಿಯ ಮನೆಯ ಸುದ್ದಿ ಹೇಳುತ್ತಿದ್ದಳು. ಹಿಂದೆ ಸುಮ್ಮನೆ ತೋಳೊಡ್ಡುತ್ತಿದ್ದವಳಿಗೆ ಈಗ ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ, ಕತೆ ಅಷ್ಟು ಉದ್ದವಿರುತ್ತಿತ್ತು. ಹರಿತಾ ಪುಸ್ತಕದಲ್ಲಿ ಕೂಗಿನ ಲೆಕ್ಕ ಬರೆಯುವುದನ್ನು ಬಿಡಲಿಲ್ಲ. ತಿಂಗಳಿನ ಉಳಿದ ದಿನಗಳಲ್ಲಿ ಎರಡೇ ಸಲ, ಎರಡೂ ಗೇಟಿನೊಳಗೆ ನುಗ್ಗಿದ ಬೀದಿ ಆಡುಗಳಿಗೆ. ಶಿವಲಕ್ಷ್ಮಮ್ಮ ಅದನ್ನು ನೋಡಿ, "ಇವೆರಡು ಹೊಡ್ದಾಕು, ಅದು ನನ್ನ ಪರವಾಗಿ ಬೊಗಳಿದ್ದು" ಎಂದರು. ಹರಿತಾ ಹೊಡೆದುಹಾಕಲಿಲ್ಲ. ಪಕ್ಕದಲ್ಲಿ 'ಆಡು' ಎಂದು ಬರೆದಳು.

ತಿಂಗಳು ತುಂಬಿದ ದಿನ ಲಕ್ಷ್ಮೀಕಾಂತ್ ಸ್ಟಾಂಪ್ ಪೇಪರ್ ತಂದ. ಅಂಗಳದ ನೆರಳಿನಲ್ಲಿ ಎಲ್ಲರೂ ಕೂತರು. ಹರಿತಾ ಕಾಗದವನ್ನು ಹೊಸದಾಗಿ ಬರೆದಿದ್ದಳು. ಮೂರನೇ ನಿಯಮ ಬದಲಾಗಿತ್ತು. ಹುಣಸೆ ಕಾಲದ ಹಗಲಿನಲ್ಲಿ, ಬೀರಕ್ಕ ಕಂಬಳಿ ಹಾಸಿ ಕೂತಿರುವಾಗ ಮಾತ್ರ ನಾಯಿ ಮೆಟ್ಟಿಲ ಮೇಲೆ ಇರಬಹುದು, ಮಿಕ್ಕ ಹೊತ್ತು ಬಾಗಿಲು ಹಾಕಿದ ಮನೆಯೊಳಗೆ ಇರತಕ್ಕದ್ದು. ಓದಿ ಮುಗಿಸಿದಾಗ ಶಿವಲಕ್ಷ್ಮಮ್ಮ, "ಎಂಟನೇದು ಬಿಟ್ಟೋಗಿದೆ" ಎಂದರು.

"ಏಳೇ ಅಮ್ಮಾ ಇದ್ದಿದ್ದು."

"ಬರ್ಕಾ. ಯಜಮಾನಿ ಸೇರಿ ಯಾರೂ ಮೆಟ್ಟು ಹಾಕ್ಕಂಡು ಕಂಬಳಿ ತುಳೀಬಾರ್ದು."

"ಇಂಥದ್ನೆಲ್ಲ ಅಗ್ರಿಮೆಂಟ್‌ನಾಗೆ ಹಾಕಾಕಿಲ್ಲಮ್ಮಾ," ಎಂದ ಲಕ್ಷ್ಮೀಕಾಂತ್.

"ನೀನು ಸುಮ್ನಿರಪ್ಪ. ಬಾಯಿ ಬಿಡ್ಬೇಡಿ ಅಂತ ಹೇಳ್ಕೊಟ್ಟೋನು ನೀನು."

ಹರಿತಾ ಏಳರ ಕೆಳಗೆ ಎಂಟು ಎಂದು ಬರೆದಳು. ಶಿವಲಕ್ಷ್ಮಮ್ಮ ತೆಲುಗಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹರಿತಾ ಸಹಿ ಹಾಕಿದಳು. ಲಕ್ಷ್ಮೀಕಾಂತ್ ಸಾಕ್ಷಿಯಾದ. ಇಬ್ಬರಿಗೂ ಒಂದೊಂದು ಪ್ರತಿ.

ಕೃತಜ್ಞತೆ ಹೇಳುವುದು ಹರಿತಾಗೆ ಬರುತ್ತಿರಲಿಲ್ಲ. "ಅಮ್ಮಾ, ನೀವು ನಮ್ಮನ್ನ..." ಎಂದು ಶುರುಮಾಡಿ ನಿಲ್ಲಿಸಿದಳು. ಶಿವಲಕ್ಷ್ಮಮ್ಮ ಕೈಬೀಸಿ, "ನೀನು ಮೊದ್ಲೇ ಕೇಳ್ದೆ ಕಣಮ್ಮ. ನಂಗೆ ಬ್ಯಾಡ ಅನ್ನಕ್ಕೂ ನೀನು ಜಾಗ ಕೊಟ್ಟೆ. ಅಷ್ಟು ಯಾರು ಕೊಡ್ತಾರೆ?" ಎಂದು ಬುಟ್ಟಿ ಎತ್ತಿಕೊಂಡು ಹೊರಟುಹೋದರು.

ಸಂಜೆ ಹರಿತಾ ರುದ್ರಮುನಿಗೆ ಫೋನು ಮಾಡಿ, ಮನೆ ಗಟ್ಟಿಯಾಯಿತು, ನಿಮ್ಮ ಮಾತಿನಿಂದ ತುಂಬ ಉಪಕಾರವಾಯಿತು ಎಂದು ಮೂರು ಸಲ ಕೂಗಿ ಹೇಳಿದಳು. ಅವರು, "ಒಳ್ಳೇದಾಯ್ತು ಬಿಡು ತಾಯಿ. ಇಲ್ಲಿ ನಿಮ್ಮ ಮನೆಗೆ ಹೊಸಬ್ರು ಬಂದವ್ರೆ, ಬೆಕ್ಕೈತೆ ಅಂತ ಮೊದ್ಲೇ ಹೇಳುದ್ರು. ಆ ನಿಂದು ನಿಯಮದ ಕಾಗ್ದ ಇದ್ಯಲ್ಲ, ಒಂದು ಜೆರಾಕ್ಸು ಕಳ್ಸು" ಎಂದರು.

ಹರಿತಾ ಮೆಟ್ಟಿಲ ಮೇಲಿನಿಂದ ಕೆಳಗೆ ನೋಡಿದಳು. ಹೆಂಗಸರು ಟಾರ್ಪಾಲು ಮಡಿಚುತ್ತಿದ್ದರು. ಶಿವಲಕ್ಷ್ಮಮ್ಮ ಚಪ್ಪಲಿಯನ್ನು ದೂರದಲ್ಲಿ ಬಿಟ್ಟು ಬಂದು, ಕಂಬಳಿಯ ಇನ್ನೊಂದು ತುದಿಯಲ್ಲಿ ಅವ್ವನ ಪಕ್ಕ ಕೂತು ಬೀಜ ಆರಿಸುತ್ತಿದ್ದರು. ಈಗ ಬೂದನಿಗೆ ಕಾಯಲು ಎರಡು ಬೆನ್ನುಗಳಿದ್ದವು. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡುತ್ತ, ಕತ್ತಲಾಗುವವರೆಗೆ ಮೂರನೇ ಮೆಟ್ಟಿಲು ಬಿಟ್ಟು ಅಲುಗಲಿಲ್ಲ.